ಬಂಗಡೆ ಅನ್ನೋ ಅಡ್ಡಹೆಸರು, ಎರಡು ಪುಟದ ಒಂದು ದೂರು

ಮಾಸ್ತರು ಕ್ಲಾಸಿನಲ್ಲಿ ಮಗುವನ್ನ ಹಂಗಿಸಿದ್ರೆ ಶಾಲೆಗೆ ದೂರು ಕೊಡೋದು ಹೇಗೆ ಅನ್ನೋದಕ್ಕೆ ನಾನೇ ಹತ್ತಿರದಿಂದ ನೋಡಿದ ಕೇಸು ಇದು. ಅಂಕೋಲಾ ಕಡೆದು ಅಂತ ಮಾತ್ರ ಹೇಳ್ತೇನೆ, ಶಾಲೆ ಹೆಸರು ಬೇಡ, ಹುಡುಗಿ ಹೆಸರಂತೂ ಬೇಡವೇ ಬೇಡ. ಅನುದಾನಿತ ಹೈಸ್ಕೂಲು, ಕನ್ನಡ ಮೀಡಿಯಂ. ಹುಡುಗಿ ಎಂಟನೇ ಕ್ಲಾಸು, ಹದಿಮೂರು ವರ್ಷ, ಏಳನೇ ತನಕ ಊರಿನ ಸಣ್ಣ ಸರ್ಕಾರಿ ಶಾಲೆಲಿ ಓದಿ ಜೂನ್‌ನಲ್ಲಿ ಈ ಹೈಸ್ಕೂಲಿಗೆ ಬಂದವಳು. ಅಪ್ಪ ಬೋಟಿಗೆ ಹೋಗ್ತಾರೆ, ಆಯಿ ಪೇಟೆಲಿ ಮೀನು ಮಾರ್ತಾಳೆ. ನಾನು ಮೂವತ್ತು ವರ್ಷ ಹೈಸ್ಕೂಲು ಮಾಸ್ತರಾಗಿ, ಕೊನೆ ನಾಲ್ಕು ವರ್ಷ ಹೆಡ್‌ಮಾಸ್ತರಾಗಿ ರಿಟೈರ್ ಆದವನು. ಅಂದ್ರೆ ಇಂಥ ದೂರು ಬರೋ ಟೇಬಲಿನ ಆ ಕಡೆ ಕೂತು ಗೊತ್ತು, ಯಾವ ದೂರನ್ನ ಓದಿ ಡ್ರಾಯರಿಗೆ ಹಾಕ್ತೀವಿ, ಯಾವುದಕ್ಕೆ ರಾತ್ರಿ ನಿದ್ದೆ ಬರಲ್ಲ ಅನ್ನೋದೂ ಗೊತ್ತು.

ವಿಷಯ ಏನಪ್ಪ ಅಂದ್ರೆ, ಗಣಿತದ ಸರ್ ಟೆಸ್ಟ್ ಪೇಪರನ್ನ ಕಡಿಮೆ ಮಾರ್ಕಿನಿಂದ ಶುರು ಮಾಡಿ ಹೆಸರು ಕರೆದು ಕೊಡ್ತಿದ್ರು. ಮೊದಲ ಹೆಸರು ಹೆಚ್ಚಾಗಿ ಇವಳದ್ದೇ, 20ಕ್ಕೆ 6, 20ಕ್ಕೆ 4 ಹೀಗೆ. ಕರೆದು ಸುಮ್ಮನೆ ಕೊಡಲ್ಲ, ತಪ್ಪು ಮಾಡಿದ ಲೆಕ್ಕ ಬೋರ್ಡಿನ ಮೇಲೆ ಮಾಡು ಅಂತಾರೆ. ಒಂದಿನ (-3) × (-2) ಎಷ್ಟು ಅಂದಾಗ ಇವಳು -6 ಅಂತ ಬರೆದ್ಲು. ಎಂಟನೇ ಕ್ಲಾಸಿಗೆ ಬರೋ ಅರ್ಧಕ್ಕರ್ಧ ಮಕ್ಕಳು ಮೈನಸ್ಸಿನಲ್ಲಿ ಎಡವೋದು ಇಲ್ಲೇ, ಹೊಸದೇನಲ್ಲ. ಸರ್ ಹೇಳಿದ್ದು, "ನಿಮ್ಮ ಆಯಿ ಬಂಗಡೆ ಮಾರೋವಾಗ ಮೈನಸ್ಸಿಗೆ ಮೈನಸ್ಸು ಎಷ್ಟು ಹೇಳ್ತಾಳೆ, ಕೇಳ್ಕೊಂಡು ಬಾ." ಕ್ಲಾಸು ನಕ್ತು. ಅವಳು ಚಾಕ್‌ಪೀಸ್ ಹಿಡ್ಕೊಂಡು ಬೆಲ್ ಹೊಡೆಯೋ ತನಕ ಬೋರ್ಡಿನ ಪಕ್ಕ ನಿಂತಿದ್ಲು. ಅವತ್ತಿಂದ ಸರ್ ಬಾಯಲ್ಲೂ ಹುಡುಗರ ಬಾಯಲ್ಲೂ ಅವಳ ಹೆಸರು ಬಂಗಡೆ.

ಮನೇಲಿ ಗೊತ್ತಾಗಿದ್ದು ಹೇಗೆ ಅಂದ್ರೆ, ಹುಡುಗಿ ಹೇಳಿ ಅಲ್ಲ. ಬೆಳಿಗ್ಗೆ ಸ್ಕೂಲಿಗೆ ಹೊರಡೋ ಮೊದಲು ಕೈಗೆ ನಿಂಬೆಹಣ್ಣಿನ ಹೋಳು ತಿಕ್ಕಿ ತಿಕ್ಕಿ ತೊಳೆಯೋಕೆ ಶುರು ಮಾಡಿದ್ಲಂತೆ. ಮೊದಮೊದಲು ಆಯಿಗೆ ಇದು ಹುಡುಗಾಟ ಅನ್ಸಿತ್ತು. ಆಮೇಲೆ ಬೆಳಿಗ್ಗೆ ಮೀನು ಸಾರು ಮುಟ್ಟೋದು ಬಿಟ್ಲು. ಆಮೇಲೆ ಒಂದಿನ, "ಆಯಿ, ನೀನು ಬುಟ್ಟಿ ತಗೊಂಡು ಸ್ಕೂಲ್ ಗೇಟಿನ ಹತ್ರ ಬರಬೇಡ" ಅಂದ್ಲು. ಅವತ್ತು ಆಯಿ ರಾತ್ರಿ ಕೂರಿಸ್ಕೊಂಡು ಕೇಳಿದಾಗ ಅಳು ಶುರುವಾಯ್ತು, ಮಾತು ಬರೋಕೆ ಒಂದು ಗಂಟೆ ಬೇಕಾಯ್ತು.

ಈಗ ಮೊದಲ ಎರಡು ಪ್ರಯತ್ನ ಹೇಗೆ ಹಾಳಾಯ್ತು ಅನ್ನೋದನ್ನ ಹೇಳ್ಬೇಕು, ಯಾಕಂದ್ರೆ ಹತ್ತಕ್ಕೆ ಎಂಟು ಮನೆಯವರು ಇಲ್ಲೇ ಸಿಕ್ಕಿಹಾಕ್ಕೊಳ್ತಾರೆ.

ಮೊದಲನೇದು, ಆಯಿ ಮಾರನೇ ದಿನ ವ್ಯಾಪಾರ ಬಿಟ್ಟು ಹೋಗಿ ಹೆಡ್‌ಮಾಸ್ತರ ಹತ್ರ ಬಾಯಲ್ಲೇ ಹೇಳಿ ಬಂದ್ಲು. ಅವರು ಕೆಟ್ಟವರಲ್ಲ, ಕುರ್ಚಿ ಕೊಟ್ಟು ಕೂರಿಸಿ ಕೇಳಿದ್ರು, "ನಾನು ಮಾತಾಡ್ತೇನೆ, ನೀವು ತಲೆ ಕೆಡಿಸ್ಕೋಬೇಡಿ" ಅಂದ್ರು. ಮಾತಾಡಿದ್ರು ಕೂಡ, ಸ್ಟಾಫ್ ರೂಮಿನಲ್ಲಿ, ಟೀ ಕುಡೀತಾ, ಬೇರೆ ನಾಲ್ಕು ಜನರ ಎದುರು. ಮರುದಿನ ಸರ್ ಕ್ಲಾಸಿಗೆ ಬಂದವರೇ, "ಕೆಲವರಿಗೆ ಲೆಕ್ಕ ಬರಲ್ಲ, ಮನೆಗೆ ಹೋಗಿ ಕಂಪ್ಲೇಂಟ್ ಮಾಡೋಕೆ ಮಾತ್ರ ಚೆನ್ನಾಗಿ ಬರ್ತದೆ" ಅಂದ್ರು. ಹೆಸರು ಹೇಳಲಿಲ್ಲ, ಎಲ್ಲರೂ ತಿರುಗಿ ಇವಳನ್ನೇ ನೋಡಿದ್ರು. ನೋಡಿ, ಬಾಯಿಮಾತಿನ ದೂರು ಬಂದಾಗ ಹೆಡ್‌ಮಾಸ್ತರಿಗೂ ಇರೋದು ಬಾಯಿಮಾತೇ. ಹೋಗಿ ಹೇಳ್ತಾರೆ, ದೂರು ಕೊಟ್ಟವರು ಯಾರು ಅಂತ ತಾನಾಗೇ ಗೊತ್ತಾಗ್ತದೆ, ಆದ್ರೆ ಮುಂದೆ ಏನೂ ಆಗಬಾರದು ಅಂತ ಹಿಡಿದಿಡೋ ಒಂದು ಕಾಗದ ಎಲ್ಲೂ ಇರಲ್ಲ. ಮಗುವಿಗೆ ಅಪಾಯ ಮಾತ್ರ ಬಂತು, ರಕ್ಷಣೆ ಬರಲಿಲ್ಲ.

ಎರಡನೇದು ಅದಕ್ಕಿಂತ ಕೆಟ್ಟದ್ದು. ಅಷ್ಟೊತ್ತಿಗೆ ಆಗಸ್ಟ್ ಬಂದು ಮೀನುಗಾರಿಕೆ ನಿಷೇಧದ ಎರಡು ತಿಂಗಳು ಮುಗಿದು ಅಪ್ಪ ಬೋಟಿಗೆ ಹೋಗಿಯಾಗಿತ್ತು, ಮನೇಲಿ ಗಂಡಸು ಅಂದ್ರೆ ಹುಡುಗಿಯ ಮಾವ, ಆಯಿಯ ತಮ್ಮ. ಬಿಸಿ ರಕ್ತ. ರಾತ್ರಿ ಹನ್ನೊಂದಕ್ಕೆ ಕ್ಲಾಸಿನ ಪೇರೆಂಟ್ಸ್ ವಾಟ್ಸಾಪ್ ಗ್ರೂಪಿಗೆ ಉದ್ದಕ್ಕೆ ಒಂದು ಮೆಸೇಜ್ ಹಾಕಿದ, ಸರ್ ಹೆಸರು ಹಾಕಿ, ಅವರ ಮನೆತನ, ಜಾತಿ ಎಲ್ಲ ಎಳೆದು, ಕೊನೆಗೆ "ಇಂಥವರನ್ನ ಡಿಸ್ಮಿಸ್ ಮಾಡ್ಬೇಕು" ಅಂತ. ಬೆಳಿಗ್ಗೆ ಎದ್ದು ನೋಡಿದ್ರೆ ಅರ್ಧ ಜನ ಸರ್ ಪರ. ಅವರು ಸೀರಿಯಸ್ಸಾಗಿ ಪಾಠ ಮಾಡೋದು ನಿಜ, ಎಸ್ಸೆಸ್ಸೆಲ್ಸಿಲಿ ಗಣಿತದ ರಿಸಲ್ಟ್ ಚೆನ್ನಾಗಿ ಬರೋದೂ ನಿಜ. ಇನ್ನೊಬ್ಬರು, "ನಮ್ಮ ಮಗನಿಗೂ ಬೈದಿದ್ರು, ಈಗ ಇಂಜಿನಿಯರ್" ಅಂದ್ರು. ಮಗುವಿನ ಮಾತು ಎಲ್ಲೋ ಹೋಯ್ತು, ಜಗಳ ಜಾತಿ ಮೇಲೆ ನಿಂತ್ಕೊಂತು. ಮೆಸೇಜ್ ಆಮೇಲೆ ಡಿಲೀಟ್ ಆಯ್ತು, ಆದ್ರೆ ಸ್ಕ್ರೀನ್‌ಶಾಟ್ ಆಗ್ಲೇ ಮ್ಯಾನೇಜ್‌ಮೆಂಟಿನ ಕಾರ್ಯದರ್ಶಿ ಮೊಬೈಲಲ್ಲಿತ್ತು. ಮುಂದೆ ಮೀಟಿಂಗಿನಲ್ಲಿ ಅವರು ಮೊದಲು ತೆಗೆದದ್ದೇ ಅದನ್ನ.

ಇಷ್ಟಾದ ಮೇಲೆ ಆಯಿ ನನ್ನ ಹತ್ರ ಬಂದ್ಲು. ಅವಳ ಅಣ್ಣಂದಿರು ನನ್ನ ಹಳೇ ವಿದ್ಯಾರ್ಥಿಗಳು. "ಮಾಸ್ತರ್ರೆ, ಶಾಲೆ ಬಿಡಿಸೋದೇ ವಾಸಿಯಾ?" ಅಂತ ಕೇಳಿದ್ಲು. ನಾನು, "ಬಿಡಿಸೋದು ಯಾವಾಗ ಬೇಕಾದ್ರೂ ಮಾಡ್ಬಹುದು ತಂಗಿ, ಮೊದಲು ಹುಡುಗಿಯ ನೋಟ್‌ಬುಕ್ ಎಲ್ಲ ತಗೊಂಡು ಬಾ" ಅಂದೆ. ಎಂತಕ್ಕೆ ಅಂತ ಅವಳಿಗೆ ಅರ್ಥ ಆಗಲಿಲ್ಲ.

ಹುಡುಗಿ ಹತ್ರ ನಾನು ಮಾತಾಡಿದ್ದು ಒಂದೇ ಸಲ, ಆಯಿ ಪಕ್ಕದಲ್ಲಿ ಕೂತಿರೋವಾಗ. "ಸರ್ ನಿಂಗೆ ಅವಮಾನ ಮಾಡಿದ್ರಾ" ಅಂತ ಕೇಳಲಿಲ್ಲ, ಹಾಗೆ ಕೇಳಿದ್ರೆ ಹೌದು ಅಂತಾಳೆ, ಆ ಹೌದಿಗೆ ಬೆಲೆ ಇಲ್ಲ. "ಗಣಿತದ ಪೀರಿಯಡ್ ಹೇಗಿರ್ತದೆ, ಸರ್ ಒಳಗೆ ಬಂದಾಗಿಂದ ಹೇಳು" ಅಂದೆ. ಅವಳು ಹೇಳಿದ ಹಾಗೇ ಅವಳ ಶಬ್ದದಲ್ಲೇ ಬರ್ಕೊಂಡೆ. ಮನೇಲಿ ದಿನಾ ಒಬ್ಬೊಬ್ಬರು ಕೂರಿಸ್ಕೊಂಡು ಮತ್ತೆ ಮತ್ತೆ ಕೇಳೋದನ್ನ ಅವತ್ತೇ ನಿಲ್ಲಿಸಿ ಅಂತ ಹೇಳಿದೆ. ಹತ್ತು ಸಲ ಹೇಳಿಸಿದ್ರೆ ಮಗು ಕೇಳೋರಿಗೆ ಬೇಕಾದ ಹಾಗೆ ಸೇರಿಸ್ತಾ ಹೋಗ್ತದೆ, ಆಮೇಲೆ ಒಂದು ಸಣ್ಣ ವ್ಯತ್ಯಾಸ ಸಿಕ್ರೆ ಸಾಕು, "ಹುಡುಗಿ ಸುಳ್ಳು ಹೇಳ್ತಾಳೆ" ಅಂತ ಇಡೀ ದೂರು ಬಿದ್ದೋಗ್ತದೆ.

ಅವಳು ಐದು ಘಟನೆ ಹೇಳಿದ್ಲು. ತಾರೀಕು ಒಂದೂ ನೆನಪಿಲ್ಲ, ಮಕ್ಕಳಿಗೆ ಹೇಗೆ ನೆನಪಿರ್ತದೆ. ಅಲ್ಲಿ ನೋಟ್‌ಬುಕ್ ಕೆಲಸಕ್ಕೆ ಬಂತು. ಪ್ರತಿ ಪುಟದ ಮೇಲೆ ದಿನಾಂಕ ಬರೆಯೋ ಪದ್ಧತಿ ಇದ್ಯಲ್ಲ, ಆ ಮೈನಸ್ಸಿನ ಲೆಕ್ಕ ಇರೋ ಪುಟದಲ್ಲಿ ಜುಲೈ 23 ಅಂತಿತ್ತು, ಲೆಕ್ಕ ಅರ್ಧಕ್ಕೆ ನಿಂತಿತ್ತು. ಆ ದಿನದಿಂದ ಮುಂದೆ ಗಣಿತದ ಪುಸ್ತಕ ಹೆಚ್ಚುಕಮ್ಮಿ ಖಾಲಿ, ಬರೀ ತಾರೀಕು, ಕೆಳಗೆ ಏನೂ ಇಲ್ಲ. ಅದೇ ವಾರದ ವಿಜ್ಞಾನ, ಸಮಾಜ ಪುಸ್ತಕ ತುಂಬ ಅಚ್ಚುಕಟ್ಟು, ಸ್ಕೇಲ್ ಇಟ್ಟು ಗೆರೆ ಎಳೆದಿದ್ಲು. ಓದಲ್ಲ, ಸೋಮಾರಿ ಅಂತ ಹೇಳೋರಿಗೆ ಇದಕ್ಕಿಂತ ಒಳ್ಳೇ ಉತ್ತರ ಬೇಕಾ. ಆಮೇಲೆ ರಜೆ. ಡೈರಿಯಲ್ಲಿ ಆಗಸ್ಟಿನಿಂದ ಸೆಪ್ಟೆಂಬರ್ ಮೊದಲ ವಾರದ ತನಕ ಮೂರು ದಿನ "ಹೊಟ್ಟೆನೋವು" ಅಂತ ಆಯಿ ಸೈನ್ ಹಾಕಿದ್ಲು. ಮೂರೂ ದಿನ ಗಣಿತದ ಪೇಪರ್ ಕೊಡೋ ದಿನವೇ, ಸರ್ ಹಿಂದಿನ ದಿನ "ನಾಳೆ ಪೇಪರ್ ಕೊಡ್ತೇನೆ" ಅಂತ ಹೇಳಿರ್ತಿದ್ರು. ಇದನ್ನ ನಾವು ಹುಡುಗಿ ಹತ್ರ ಕೇಳಿ ಸಾಬೀತು ಮಾಡ್ಬೇಕಾಗಿಲ್ಲ, ಶಾಲೆಯ ಹಾಜರಿ ಪುಸ್ತಕದಲ್ಲೇ ಇದೆ.

ಹೀಗೆ ಐದರಲ್ಲಿ ಮೂರಕ್ಕೆ ತಾರೀಕು ಸಿಕ್ತು. ಉಳಿದ ಎರಡನ್ನ "ದಿನಾಂಕ ನೆನಪಿಲ್ಲ" ಅಂತಲೇ ಬರೆದೆವು, ಅಂದಾಜಿಗೆ ಹಾಕಲಿಲ್ಲ. ಒಂದು ತಾರೀಕು ತಪ್ಪಿ ಅವತ್ತು ಸರ್ ರಜೆ ಇದ್ರು ಅಂತ ಆದ್ರೆ ಕತೆ ಮುಗೀತು.

ಮಾವನಿಗೆ ಒಂದು ಐಡಿಯಾ ಇತ್ತು, ಹುಡುಗಿ ಬ್ಯಾಗಲ್ಲಿ ಮೊಬೈಲ್ ಇಟ್ಟು ರೆಕಾರ್ಡ್ ಮಾಡೋದು. ಬೇಡವೇ ಬೇಡ ಅಂದೆ. ಸಿಕ್ಕಿಬಿದ್ರೆ ಮೊಬೈಲ್ ತಂದ ತಪ್ಪಿಗೆ ಶಿಕ್ಷೆ ಅವಳಿಗೇ, ಅದೂ ಅಲ್ದೆ ಹದಿಮೂರು ವರ್ಷದ ಹುಡುಗಿನ ಪತ್ತೇದಾರಿಕೆಗೆ ಕಳಿಸೋದು ಅವಳ ಹೆದರಿಕೆ ಹೆಚ್ಚು ಮಾಡೋ ಕೆಲಸ. ಕ್ಲಾಸಿನ ಬೇರೆ ಮಕ್ಕಳ ಸಹಿ ತಗೊಳ್ಳೋದೂ ಬೇಡ ಅಂದೆ, ಆ ಮಕ್ಕಳು ನಾಳೆ ಅದೇ ಸರ್ ಎದುರು ಕೂರಬೇಕು.

ದೂರು ಬರೆಯೋಕೆ ಮೂರು ಸಂಜೆ ಹಿಡೀತು. ಮಾವ ಬರೆದಿದ್ದ ಮೊದಲ ಕರಡಿನಲ್ಲಿ ಕ್ರೂರಿ, ದುರಹಂಕಾರಿ, ಮಾನಸಿಕ ರೋಗಿ, ಹೀಗೆ ಬೈಗುಳವೇ ಒಂದು ಪುಟ ಇತ್ತು. ಅದನ್ನೆಲ್ಲ ಹೊಡೆದು ಹಾಕಿದೆ. ನಾನು ಹೆಡ್‌ಮಾಸ್ತರ್ ಆಗಿದ್ದಾಗ ಇಂಥ ಕಾಗದ ಬಂದ್ರೆ ನಿಜ ಹೇಳ್ತೇನೆ, ಸಮಾಧಾನ ಆಗ್ತಿತ್ತು. ಯಾಕಂದ್ರೆ ಒಬ್ಬ ಮನುಷ್ಯ ಕ್ರೂರಿ ಹೌದೋ ಅಲ್ವೋ ಅಂತ ಯಾರೂ ತೀರ್ಮಾನ ಮಾಡೋಕಾಗಲ್ಲ, "ಭಾವನಾತ್ಮಕವಾಗಿ ಬರೆದಿದ್ದಾರೆ" ಅಂತ ಬದಿಗಿಡಬಹುದು. ಅದೇ "ಜುಲೈ 23ರಂದು ಇಂಥ ಮಾತು ಹೇಳಿದರು" ಅಂತ ಬಂದ್ರೆ ತಪ್ಪಿಸ್ಕೊಳ್ಳೋಕೆ ಜಾಗ ಇಲ್ಲ, ಹೇಳಿದ್ರೋ ಇಲ್ವೋ ಅಂತ ವಿಚಾರಿಸಲೇಬೇಕು.

ಕೊನೆಗೆ ಹೋದ ಕಾಗದದ ಮುಖ್ಯ ಭಾಗ ಹೀಗಿತ್ತು:

"ಜುಲೈ 23ರಂದು ಗಣಿತದ ಅವಧಿಯಲ್ಲಿ ನನ್ನ ಮಗಳನ್ನು ಕಪ್ಪು ಹಲಗೆಯ ಬಳಿ ಕರೆದು, ಉತ್ತರ ತಪ್ಪಾದಾಗ 'ನಿಮ್ಮ ಆಯಿ ಬಂಗಡೆ ಮಾರೋವಾಗ ಮೈನಸ್ಸಿಗೆ ಮೈನಸ್ಸು ಎಷ್ಟು ಹೇಳ್ತಾಳೆ' ಎಂದು ತರಗತಿಯ ಮುಂದೆ ಕೇಳಲಾಯಿತು. ಅವಧಿ ಮುಗಿಯುವವರೆಗೆ ಅವಳು ಅಲ್ಲೇ ನಿಂತಿದ್ದಳು. ಅಂದಿನಿಂದ ಅವಳನ್ನು ತರಗತಿಯಲ್ಲಿ 'ಬಂಗಡೆ' ಎಂದು ಕರೆಯಲಾಗುತ್ತಿದೆ. ಈ ಅವಧಿಯಲ್ಲಿ ನನ್ನ ಮಗಳು ಎರಡು ಸಲ ಮನೆಗೆಲಸ ಮಾಡದೆ ಹೋಗಿದ್ದು ನಿಜ. ಅದಕ್ಕೆ ಶಾಲೆಯ ನಿಯಮದಂತೆ ತಿದ್ದುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಅವಳ ಹೆಸರು ಬದಲಿಸಿ ಕರೆಯುವುದಕ್ಕೆ ಮತ್ತು ನನ್ನ ಉದ್ಯೋಗವನ್ನು ತರಗತಿಯಲ್ಲಿ ಹಾಸ್ಯ ಮಾಡುವುದಕ್ಕೆ ಆಕ್ಷೇಪವಿದೆ."

ಮನೆಗೆಲಸ ಮಾಡದ ವಿಷಯ ಸೇರಿಸೋಕೆ ಆಯಿ ಒಪ್ಪಲೇ ಇಲ್ಲ, "ನಮ್ಮ ತಪ್ಪು ನಾವೇ ಎಂತಕ್ಕೆ ಬರೆದು ಕೊಡೋದು ಮಾಸ್ತರ್ರೆ" ಅಂದ್ಲು. ನಾನು ಹಠ ಹಿಡಿದೆ. ಆ ಸರ್ ಮೊದಲು ಹೇಳೋದು ಅದನ್ನೇ, ಅದು ನಂಗೆ ಬಾಯಿಪಾಠ, ನಾನೂ ಹೇಳಿದ್ದೇನೆ. ನಾವೇ ಮೊದಲು ಹೇಳಿಬಿಟ್ರೆ ಅವರ ಕೈಲಿ ಉಳಿಯೋದು ಏನು?

ಕೇಳಿದ್ದು ನಾಲ್ಕೇ ವಿಷಯ. ಮಗಳನ್ನ ಹಾಜರಿಯಲ್ಲಿರೋ ಹೆಸರಿನಿಂದಲೇ ಕರೀಬೇಕು. ಪೇಪರ್ ಕೊಡೋವಾಗ ಮಾರ್ಕು ಓದಬಾರದು, ಮಡಚಿ ಕೈಗೆ ಕೊಡ್ಬೇಕು. ವಿಚಾರಣೆ ಮಾಡೋದಾದ್ರೆ ಅವಳನ್ನ ಸರ್ ಎದುರಿಗೆ ನಿಲ್ಲಿಸಬಾರದು, ಒಬ್ಬ ಮಹಿಳಾ ಶಿಕ್ಷಕಿ ಮತ್ತು ತಾಯಿ ಜೊತೆಲಿರ್ಬೇಕು. ಹದಿನೈದು ದಿನದೊಳಗೆ ಏನು ಮಾಡಿದ್ರಿ ಅಂತ ಬರವಣಿಗೆಯಲ್ಲಿ ತಿಳಿಸ್ಬೇಕು.

ಡಿಸ್ಮಿಸ್ ಮಾಡಿ ಅಂತ ಕೇಳಲಿಲ್ಲ, ಮಾವನಿಗೆ ಇದಕ್ಕೆ ಸಿಟ್ಟು ಬಂತು. ಆದ್ರೆ ಮ್ಯಾನೇಜ್‌ಮೆಂಟಿನ ಕೈಲಿ ಆಗದ್ದನ್ನ ಕೇಳಿದ್ರೆ ಅವರಿಗೆ "ಇದು ನಮ್ಮ ಅಧಿಕಾರದಲ್ಲಿಲ್ಲ" ಅಂತ ಕೈ ತೊಳ್ಕೊಳ್ಳೋಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಅನುದಾನಿತ ಶಾಲೆಯ ಮಾಸ್ತರಿಗೆ ಸಂಬಳ ಸರ್ಕಾರದ್ದು, 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಪ್ರಕಾರ ವಿಚಾರಣೆ ಇಲ್ದೆ ಕೆಲಸದಿಂದ ತೆಗೆಯೋ ಹಾಗೂ ಇಲ್ಲ. ಅದೇ ಪೇಪರ್ ಮಡಚಿ ಕೊಡಿ ಅನ್ನೋದನ್ನ ಹೆಡ್‌ಮಾಸ್ತರ್ ನಾಳೆ ಬೆಳಿಗ್ಗೆಯೇ ಮಾಡಿಸಬಹುದು, ಆಗಲ್ಲ ಅನ್ನೋಕೆ ಕಾರಣವೇ ಇಲ್ಲ. ಕ್ಲಾಸಿನ ಮುಂದೆ ಕ್ಷಮೆ ಕೇಳಿಸಿ ಅಂತಲೂ ಕೇಳಲಿಲ್ಲ. ನಲವತ್ತು ಮಕ್ಕಳ ಎದುರು ಸರ್ ಸಾರಿ ಅಂದ್ರೆ ಆ ನಲವತ್ತು ಜನ ಮತ್ತೆ ನೋಡೋದು ಇವಳನ್ನೇ.

ಕಾನೂನಿನ ಮಾತು ಒಂದೇ ವಾಕ್ಯ ಹಾಕಿದೆವು. ಆರ್‌ಟಿಇ ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ, ಮಗುವಿಗೆ ದೈಹಿಕ ಶಿಕ್ಷೆ ಮಾತ್ರ ಅಲ್ಲ, ಮಾನಸಿಕ ಕಿರುಕುಳವೂ ಕೂಡದು, ಮಾಡಿದವರ ಮೇಲೆ ಅವರ ಸೇವಾ ನಿಯಮದಡಿ ಶಿಸ್ತುಕ್ರಮ ಆಗ್ಬಹುದು ಅಂತ. ಹೊಡೆದಿಲ್ಲವಲ್ಲ, ಮತ್ತೆ ಎಂತ ದೂರು ಅನ್ನೋರಿಗೆ ಇದೊಂದೇ ಸಾಕು. ಗಮನಿಸ್ಬೇಕಾದ್ದು, ಈ ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ, ಎಂಟನೇ ತರಗತಿ ತನಕ. ಇವಳು ಎಂಟನೇದು ಆಗಿದ್ದಕ್ಕೆ ಸರಿಯಾಗಿ ಕೂತಿತು, ಒಂಬತ್ತರಲ್ಲಿ ಇದ್ದಿದ್ರೆ ಇಷ್ಟು ನೇರವಾಗಿ ಹೇಳೋಕಾಗ್ತಿರಲಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗೂ ಈ ಕಾಯ್ದೆ ಅನ್ವಯ ಆಗಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಊರಿನ ಒಬ್ಬರು ಬಾಲನ್ಯಾಯ ಕಾಯ್ದೆಯ 82ನೇ ಕಲಂ ಹಾಕಿ ಅಂತ ಒತ್ತಾಯ ಮಾಡಿದ್ರು. ಅದು ಮಕ್ಕಳ ಪಾಲನಾ ಸಂಸ್ಥೆಗಳಿಗೆ ಇರೋದು, ಮಾಮೂಲಿ ಶಾಲೆಗಲ್ಲ. ತಪ್ಪು ಕಲಂ ಒಂದು ಹಾಕಿದ್ರೆ ಓದೋ ವಕೀಲರಿಗೆ ಇಡೀ ಕಾಗದದ ಮೇಲೆ ನಗು ಬರ್ತದೆ. ಅದೇ ಕಾಯ್ದೆಯ 75ನೇ ಕಲಂ ಬೇರೆ, ಮಗುವಿನ ಜವಾಬ್ದಾರಿ ಇರೋರು ಕ್ರೌರ್ಯ ಮಾಡಿದ್ರೆ ಅಂತ, ಮಾನಸಿಕ ನೋವೂ ಅದರಲ್ಲಿ ಬರ್ತದೆ, ಆದ್ರೆ ಅದು ಪೊಲೀಸ್ ಠಾಣೆ ದಾರಿ. ಈ ಕೇಸಿಗೆ ಅಲ್ಲಿಂದ ಶುರು ಮಾಡೋದು ಬೇಡ ಅನ್ನಿಸ್ತು ನಂಗೆ. ಹೊಡೆತ ಇದ್ರೆ, ಮಗು ಜೀವಕ್ಕೆ ಏನಾದ್ರೂ ಮಾಡ್ಕೊಳ್ಳೋ ಮಾತಾಡಿದ್ರೆ ಹದಿನೈದು ದಿನ ಕಾಯೋ ಪ್ರಶ್ನೆನೇ ಇಲ್ಲ, ಅವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್.

ಸಹಿ ಆಯಿದೇ. ಅಪ್ಪ ಸಮುದ್ರದಲ್ಲಿ, ಅವರು ಬರೋ ತನಕ ಕಾಯ್ಬೇಕಾ ಅಂತ ಕೇಳಿದ್ಲು. ತಾಯಿ ಸಹಿ ಧಾರಾಳ ಸಾಕು.

ಕಾಗದ ಕೊಡೋ ದಿನ ನಾನು ಗೇಟಿನ ಹೊರಗೇ ನಿಂತೆ, ರಿಟೈರ್ಡ್ ಹೆಡ್‌ಮಾಸ್ತರ್ ಬಂದ್ರೆ ಅದೇ ಒಂದು ರಾಜಕೀಯ ಆಗ್ತದೆ. ಕ್ಲರ್ಕು, "ಸಾಹೇಬ್ರು ಇಲ್ಲ, ಇಟ್ಟು ಹೋಗಿ" ಅಂದ. ಅವಳಿಗೆ ಮೊದಲೇ ಹೇಳಿಕೊಟ್ಟಿದ್ದೆ, ಇಟ್ಟು ಬರಬೇಡ, ಎರಡು ಪ್ರತಿ ತಗೊಂಡು ಹೋಗು, ಒಂದರ ಮೇಲೆ ಸೀಲು, ತಾರೀಕು, ಆವಕ ನಂಬರ್ ಹಾಕಿಸ್ಕೊಂಡೇ ಬಾ, ಕೊಡದಿದ್ರೆ ಸ್ಪೀಡ್ ಪೋಸ್ಟ್ ಮಾಡ್ತೇನೆ ಅಂತ ನಗ್ತಾ ಹೇಳು. ಪೇಟೆಲಿ ಬಂಗಡೆಗೆ ಚೌಕಾಸಿ ಮಾಡಿದವಳಿಗೆ ಇದೇನು ದೊಡ್ಡದಲ್ಲ, ಅರ್ಧ ಗಂಟೆಲಿ ಸೀಲು ಹಾಕಿಸ್ಕೊಂಡು ಬಂದ್ಲು. ಇನ್ನೊಂದು ಪ್ರತಿ ಆಡಳಿತ ಮಂಡಳಿ ಕಾರ್ಯದರ್ಶಿಗೆ, ಅದಕ್ಕೂ ಸಹಿ.

ಒಂಬತ್ತನೇ ದಿನ ಮೀಟಿಂಗಿಗೆ ಕರೆದ್ರು. ಆಯಿ, ಮಾವ, ಹೆಡ್‌ಮಾಸ್ತರು, ಕಾರ್ಯದರ್ಶಿ, ಹಿಂದಿ ಕಲಿಸೋ ಅಕ್ಕೋರು. ಮಾವನಿಗೆ ಬಾಯಿ ತೆಗೀಬೇಡ ಅಂತ ಪ್ರಮಾಣ ಮಾಡಿಸಿ ಕಳಿಸಿದ್ದೆ. ಕಾರ್ಯದರ್ಶಿ ಮೊಬೈಲ್ ತೆಗೆದು ಆ ವಾಟ್ಸಾಪ್ ಮೆಸೇಜ್ ತೋರಿಸಿ, "ಇದಕ್ಕೆ ಎಂತ ಹೇಳ್ತೀರಿ" ಅಂದ್ರು. ಆಯಿ, "ಅದು ತಪ್ಪು, ಅವನ ಪರವಾಗಿ ನಾನು ತಪ್ಪಾಯ್ತು ಅಂತೇನೆ, ಅದು ಬೇರೆ, ಈ ಕಾಗದ ಬೇರೆ, ಇದರದ್ದು ಮಾತಾಡುವ" ಅಂದ್ಲಂತೆ. ನಾನು ಹೇಳಿಕೊಟ್ಟಿದ್ದಲ್ಲ ಅದು.

ಆಮೇಲೆ ಅವರು ಹುಡುಗಿನ ಕರೆಸಿ, ಸರ್‌ನೂ ಕರೆಸಿ, ಎದುರುಬದುರು ಕೇಳಿಬಿಡೋಣ ಅಂದ್ರು. ಕಾಗದದ ಮೂರನೇ ಬೇಡಿಕೆ ಇದಕ್ಕೇ ಇದ್ದದ್ದು. ಕೊನೆಗೆ ಹಿಂದಿ ಅಕ್ಕೋರು ಲೈಬ್ರರಿಲಿ ಹುಡುಗಿ ಹತ್ರ ಆಯಿ ಇರೋವಾಗ ಮಾತಾಡೋದು ಅಂತಾಯ್ತು. ಕ್ಲಾಸಿಗೆ ಹೋಗಿ "ಯಾರ್ಯಾರಿಗೆ ಸರ್ ಹಾಗೆ ಹೇಳಿದ್ದಾರೆ, ಕೈ ಎತ್ತಿ" ಅಂತ ಕೇಳೋ ಪ್ಲಾನೂ ಇತ್ತು, ಅಕ್ಕೋರೇ ತಡೆದ್ರು, ಯಾವ ಮಗು ಕೈ ಎತ್ತುತ್ತದೆ ಮಾರಾಯ್ರೆ. ಬದಲಿಗೆ ಎಂಟನೇ ಕ್ಲಾಸಿನ ಎಲ್ಲಾ ಮಕ್ಕಳಿಗೂ ಚೀಟಿ ಕೊಟ್ಟು, ಹೆಸರು ಬರೆಯದೆ, ಯಾವ ಪೀರಿಯಡ್‌ನಲ್ಲಿ ಡೌಟ್ ಕೇಳೋಕೆ ಹೆದರಿಕೆ ಆಗ್ತದೆ, ಯಾಕೆ ಅಂತ ಬರೆಸಿದ್ರು. ಎಲ್ಲಾ ಸಬ್ಜೆಕ್ಟಿಗೂ ಕೇಳಿದ್ದರಿಂದ ಯಾರನ್ನೂ ಗುರಿ ಮಾಡಿದ ಹಾಗಾಗಲಿಲ್ಲ. ಚೀಟಿ ಒಳಗೆ ಏನಿತ್ತು ಅಂತ ನಮಗೆ ತೋರಿಸಲಿಲ್ಲ, ತೋರಿಸಬಾರದು ಕೂಡ. ಆದ್ರೆ ಓದಿದ ಮೇಲೆ ಹೆಡ್‌ಮಾಸ್ತರ ಮಾತಿನ ಧಾಟಿ ಬದಲಾಯ್ತು ಅಂತ ಆಯಿ ಹೇಳಿದ್ಲು.

ಸರ್ ಹೇಳಿಕೆ ಏನಪ್ಪ ಅಂದ್ರೆ, ತಮಾಷೆಗೆ ಅಂದದ್ದು, ಎಲ್ಲರಿಗೂ ಹಾಗೇ ಅಂತೇನೆ, ನಾಚಿಕೆ ಆದ್ರೆ ಓದ್ತಾರೆ ಅಂತ, ನಮ್ಮ ಮಾಸ್ತರ್ರು ನಮಗೆ ಇದಕ್ಕಿಂತ ಹೆಚ್ಚು ಮಾಡಿದ್ರು ಅಂತ. ಇದನ್ನ ಕೇಳಿ ನಂಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನೂ ಸರ್ವಿಸಿನ ಮೊದಲ ಹತ್ತು ಹನ್ನೆರಡು ವರ್ಷ ಕಡಿಮೆ ಮಾರ್ಕಿನಿಂದಲೇ ಪೇಪರ್ ಹಂಚಿದವನು, ಕ್ಲಾಸು ನಗೋದು ನೋಡಿ ಒಳ್ಳೇ ಮಾಸ್ತರ್ ಅಂದ್ಕೊಂಡಿದ್ದೆ. ನಾಚಿಕೆ ಆದ್ರೆ ಓದ್ತಾರೆ ಅನ್ನೋದು ಸುಳ್ಳು ಅನ್ನೋಕೆ ಆ ಖಾಲಿ ನೋಟ್‌ಬುಕ್ ಸಾಕು, ಜುಲೈ 23ರ ತನಕ ತಪ್ಪೋ ಸರಿಯೋ ಬರೀತಿದ್ದವಳು ಆಮೇಲೆ ಬರೆಯೋದೇ ಬಿಟ್ಲು. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗದ ಮಾರ್ಗಸೂಚಿಲೂ ಅಡ್ಡಹೆಸರು ಇಡೋದು, ಅಪ್ಪ ಅಮ್ಮನ ಕೆಲಸ ಎತ್ತಿ ಹಂಗಿಸೋದು, ಓದಲಿ ಅಂತ ನಾಚಿಕೆ ಪಡಿಸೋದು ಎಲ್ಲ ಮಾನಸಿಕ ಕಿರುಕುಳದ ಲೆಕ್ಕಕ್ಕೇ ಬರ್ತದೆ.

ಹದಿನಾಲ್ಕನೇ ದಿನ ಉತ್ತರ ಬಂತು. ಒಂದೇ ಸಾಲು: "ತಮ್ಮ ದೂರನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗಿದೆ." ಆಯಿಗೆ ಖುಷಿ. ನಾನು ಈ ಸಾಲನ್ನ ಸರ್ವಿಸಿನಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಲ್ಲ, ಇದರ ಅರ್ಥ ಫೈಲ್ ಮುಚ್ಚಿದೆ ಅಂತ ಅಷ್ಟೇ. ಅದಕ್ಕೇ ಮರುದಿನ ಮೂರು ಸಾಲಿನ ಇನ್ನೊಂದು ಕಾಗದ ಹೋಯ್ತು, ನಾವು ಕೇಳಿದ ನಾಲ್ಕರಲ್ಲಿ ಯಾವುದು ಒಪ್ಪಿದ್ದೀರಿ, ಯಾವಾಗಿಂದ ಜಾರಿ, ದಯವಿಟ್ಟು ತಿಳಿಸಿ ಅಂತ. ವಾರದಲ್ಲಿ ಎರಡನೇ ಉತ್ತರ ಬಂತು. ಶಿಕ್ಷಕರಿಗೆ ಲಿಖಿತ ಸೂಚನೆ ಕೊಟ್ಟಿದ್ದೇವೆ, ಇನ್ಮುಂದೆ ಇಡೀ ಶಾಲೆಯಲ್ಲಿ ಎಲ್ಲಾ ವಿಷಯದ ಪೇಪರ್ ಮಡಚಿಯೇ ಕೊಡೋದು, ಹೆಡ್‌ಮಾಸ್ತರು ತಿಂಗಳಲ್ಲಿ ಎರಡು ಸಲ ಆ ಕ್ಲಾಸಿನಲ್ಲಿ ಕೂರೋದು.

ಇದೂ ಆಗದಿದ್ರೆ ಏನು ಮಾಡ್ತಿದ್ವಿ? ಮೊದಲು ತಾಲೂಕಿನ ಶಿಕ್ಷಣಾಧಿಕಾರಿ, ಅಂದ್ರೆ ಅಂಕೋಲೆಯ ಬಿಇಒ ಆಫೀಸು, ಆಮೇಲೆ ಅವರ ಮೇಲಿನ ಉಪನಿರ್ದೇಶಕರು, ಅಂದ್ರೆ ಕಾರವಾರದ ಡಿಡಿಪಿಐ. ಇಲ್ಲೊಂದು ಮಾತು, ನಮ್ಮ ಜಿಲ್ಲೆಲಿ ಶೈಕ್ಷಣಿಕ ಜಿಲ್ಲೆ ಎರಡು, ಕರಾವಳಿಯ ಐದು ತಾಲೂಕು ಕಾರವಾರಕ್ಕೆ, ಘಟ್ಟದ ಮೇಲಿನವು ಶಿರಸಿಗೆ. ಯಲ್ಲಾಪುರ, ಸಿದ್ದಾಪುರದವರು ಜಿಲ್ಲಾ ಕೇಂದ್ರ ಅಂತ ಕಾರವಾರಕ್ಕೆ ಕಳಿಸಿ ಕಾಗದ ತಿರುಗಿ ಬರೋದನ್ನ ನೋಡಿದ್ದೇನೆ. ಆರ್‌ಟಿಇ 32ನೇ ಕಲಂ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಕೊಟ್ಟ ಲಿಖಿತ ದೂರು ಮೂರು ತಿಂಗಳೊಳಗೆ ತೀರ್ಮಾನ ಆಗ್ಬೇಕು, ತೃಪ್ತಿ ಇಲ್ದಿದ್ರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಅಲ್ಲೆಲ್ಲ ಮೊದಲು ಕೇಳೋದು, ಶಾಲೆಗೆ ಕೊಟ್ಟಿದ್ರಾ, ಸ್ವೀಕೃತಿ ಎಲ್ಲಿ ಅಂತ.

ನಂತರದ ಎರಡು ತಿಂಗಳು ನಾನು ಕಣ್ಣಿಟ್ಟೇ ಇದ್ದೆ. ಬಂಗಡೆ ಅನ್ನೋದು ಸರ್ ಬಾಯಿಂದ ನಿಂತೇಹೋಯ್ತು. ಆದ್ರೆ ಬೇರೆ ಒಂದು ಶುರುವಾಯ್ತು, ಸರ್ ಇವಳನ್ನ ನೋಡೋದೇ ಬಿಟ್ರು. ಪ್ರಶ್ನೆ ಕೇಳಲ್ಲ, ಕೈ ಎತ್ತಿದ್ರೆ ಕಾಣಲ್ಲ. ಇದನ್ನ ದೂರಾಗಿ ಬರೆಯೋದು ಕಷ್ಟ, ಕ್ಲಾಸಲ್ಲಿ ಒಬ್ಬರನ್ನ ಕೇಳಲಿಲ್ಲ ಅಂತ ಯಾರು ಸಾಬೀತು ಮಾಡ್ತಾರೆ. ಮತ್ತೆ ನೋಟ್‌ಬುಕ್ಕೇ ಹೇಳ್ತು. ಪಕ್ಕದ ಬೆಂಚಿನ ಹುಡುಗಿ ಪುಸ್ತಕದಲ್ಲಿ ಪ್ರತಿ ವಾರ ಕೆಂಪು ಸಹಿ, ತಾರೀಕು ಇದೆ, ಇವಳದ್ದರಲ್ಲಿ ಮೂರು ವಾರ ಒಂದೂ ಇಲ್ಲ, ಇವಳು ಮೂರೂ ವಾರ ಇಟ್ಟು ಬಂದಿದ್ಲು. ಆಯಿ ಎರಡೂ ಪುಸ್ತಕ ತಗೊಂಡು ಹೋಗಿ ಹೆಡ್‌ಮಾಸ್ತರ ಟೇಬಲ್ ಮೇಲೆ ಅಕ್ಕಪಕ್ಕ ಇಟ್ಲು, ಏನೂ ಮಾತಾಡಲಿಲ್ಲ. ಮುಂದಿನ ವಾರದಿಂದ ಕೆಂಪು ಸಹಿ ಬಂತು.

ಹುಡುಗರ ಬಾಯಿಗೆ ಮಾತ್ರ ಯಾವ ಕಾಗದವೂ ತಲುಪಲಿಲ್ಲ. ಇಬ್ಬರು ಮೂವರು ರಿಸೆಸ್ಸಿನಲ್ಲಿ ಈಗಲೂ ಬಂಗಡೆ ಅಂತಾರಂತೆ. ಸರ್ ಒಂದು ಪೀರಿಯಡ್‌ನಲ್ಲಿ ಇಟ್ಟ ಹೆಸರು, ತೆಗೆಯೋಕೆ ಕ್ಲಾಸ್ ಟೀಚರ್ ಇಡೀ ವರ್ಷ ಬೈತಿದ್ದಾರೆ. ದಸರಾ ರಜೆ ಕಳೆದು ಆದ ಟೆಸ್ಟಿನಲ್ಲಿ ಅವಳಿಗೆ 20ಕ್ಕೆ 9 ಬಂತು, ಪೇಪರ್ ಮಡಚಿಯೇ ಕೈಗೆ ಬಂತು. ನಿಂಬೆಹಣ್ಣು ಇನ್ನೂ ನಿಂತಿಲ್ಲ ಅಂತ ಆಯಿ ಹೇಳ್ತಾಳೆ, ದಿನಾ ಅಲ್ಲ, ಟೆಸ್ಟಿನ ದಿನ ಮಾತ್ರ.

ಮೊನ್ನೆ ಪೇಟೆಲಿ ಸಿಕ್ಕಾಗ, "ಮಾಸ್ತರ್ರೆ, ಆ ಸೀಲು ಹಾಕಿದ ಕಾಗದ ಇನ್ನು ಬೇಕಾ, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಲ್ಲಿ ಇಟ್ಟಿದ್ದೇನೆ" ಅಂತ ಕೇಳಿದ್ಲು. ಅದೇ ಸರ್ ಒಂಬತ್ತಕ್ಕೂ ಹತ್ತಕ್ಕೂ ಗಣಿತ ತಗೊಳ್ತಾರೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್ ಕೈಗೆ ಬರೋ ತನಕ ಅಲ್ಲೇ ಇರಲಿ ಅಂದೆ.